ವಿಮೆಯ ಮಾತು ತೆಂಗಿನ ತೋಟಕ್ಕೆ ತಿಳಿಯಬೇಕಾದರೆ

ಸಂಘದ ಕೆಲಸದ ಮೇಲೆ ನಾವು ತಿಪಟೂರಿಗೆ ಹೋಗಿದ್ದೆವು. ಅಂದು ಕೊಬ್ಬರಿ ಹರಾಜಿನ ದಿನ. ಹರಾಜು ಮುಗಿದ ಮೇಲೆ ತುರುವೇಕೆರೆ ಕಡೆಯ ಇಬ್ಬರು, ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬರು ಬೆಳೆಗಾರರ ಜೊತೆ ಮಂಡಿಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ ಒಬ್ಬ ವಿಮೆಯ ಏಜೆಂಟರು ಬಂದರು. ಇನ್ನೂ ಚಿಕ್ಕ ವಯಸ್ಸು, ಒಳ್ಳೆಯ ಹುಡುಗನೇ. ಕೈಗೊಂದೊಂದು ಕರಪತ್ರ ಕೊಟ್ಟರು. ಕರಪತ್ರದ ಮೇಲ್ಭಾಗದಲ್ಲಿ ಬುಡಮೇಲಾದ ತೆಂಗಿನ ಮರದ ಚಿತ್ರ. ಅದರ ಕೆಳಗೆ ತಲೆಯ ಮೇಲೆ ಕೈಹೊತ್ತು ಕುಳಿತ ಹೆಂಗಸು. "ನಾಳೆ ನಿಮಗೇ ಏನಾದ್ರೂ ಆದ್ರೆ ಮನೆಯವರ ಗತಿ ಏನು ಸ್ವಾಮಿ?" ಎಂದು ಅವರು ಮಾತು ಆರಂಭಿಸುತ್ತಿದ್ದಂತೆಯೇ ತುರುವೇಕೆರೆಯ ಹಿರಿಯರು, "ಬಿಡ್ತು ಅನ್ನಪ್ಪ ಮೊದಲು" ಎಂದರು.

ಹುಡುಗ ನಕ್ಕು "ಬಿಡ್ತು" ಎಂದ. ಹಿರಿಯರು ಕರಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕೇಳಿದ್ದು ಇಷ್ಟು: "ಮರ ಸುಳಿ ಬಿದ್ದು ಹೋದ್ರೆ ಎಷ್ಟು ಕೊಡ್ತೀರಿ, ಎಷ್ಟು ದಿವಸಕ್ಕೆ ಕೊಡ್ತೀರಿ, ಯಾವುದಕ್ಕೆ ಕೊಡೋದಿಲ್ಲ? ಅಷ್ಟು ಹೇಳಪ್ಪ ಸಾಕು." ಏಜೆಂಟರು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಹಾಳೆ ತಿರುವತೊಡಗಿದರು. ಅದನ್ನು ಅವರೂ ಅಂದೇ ಮೊದಲ ಸಲ ಓದುತ್ತಿದ್ದಂತೆ ನಮಗೆ ಕಂಡಿತು.

ಈ ಪ್ರಸಂಗವನ್ನು ನಾವು ಬರೆಯುತ್ತಿರುವುದು ಆ ಹುಡುಗನನ್ನು ಹಾಸ್ಯ ಮಾಡಲಿಕ್ಕಲ್ಲ. ತಪ್ಪು ಅವನದಲ್ಲ, ಅವನ ಕೈಗೆ ಕರಪತ್ರ ಕೊಟ್ಟವರದು. ವಿಮಾ ಕಂಪನಿಯೊಂದು ಜನರ ನಡುವೆ ತನ್ನ ಹೆಸರನ್ನು ಹೇಗೆ ಕಟ್ಟಿಕೊಳ್ಳಬೇಕು, ಪೇಟೆಯವರು ಬ್ರಾಂಡ್ ಎನ್ನುತ್ತಾರಲ್ಲ, ಅದು ಭಯದ ಮೇಲೆ ನಿಲ್ಲುತ್ತದೆಯೋ ನೇರ ಮಾತಿನ ಮೇಲೆ ನಿಲ್ಲುತ್ತದೆಯೋ ಎಂಬುದು ಕಂತು ಕಟ್ಟುವ ನಮಗೂ ಸಂಬಂಧಪಟ್ಟ ವಿಷಯ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ಬಿಡಿಸಿ ನೋಡೋಣವೆಂದು ಕುಳಿತಿದ್ದೇವೆ.

ಕೊಬ್ಬರಿ ಕೊಳ್ಳುವವನು ಏನು ಮಾಡುತ್ತಾನೆ ನೋಡಿ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಗಿಟುಕು ಬಿಟ್ಟುಕೊಂಡು ಲೊಡಲೊಡ ಎಂದರೆ ಒಣಗಿದೆ ಎಂದು ಲೆಕ್ಕ. ಒಡೆದ ಮೇಲೆ ಮೂಸಿ ನೋಡುತ್ತಾನೆ, ಬಣ್ಣ ನೋಡುತ್ತಾನೆ. ವಿಮೆಯನ್ನು ಹಾಗೆ ಅಲ್ಲಾಡಿಸಿ ನೋಡುವಂತಿಲ್ಲ. ಇಂದು ಹಣ ಕೊಟ್ಟು ಕೊಳ್ಳುವುದು ಒಂದು ಮಾತನ್ನು. ಆ ಮಾತು ಗಟ್ಟಿಯೋ ಜೊಳ್ಳೋ ಎಂದು ತಿಳಿಯುವುದು ಮರ ಸತ್ತ ದಿನ ಅಥವಾ ಮನೆಯ ಯಜಮಾನ ಹೋದ ದಿನ. ಹಾಗಾಗಿ ಕೊಳ್ಳುವವನ ಮನಸ್ಸಿನಲ್ಲಿ ಎರಡು ಭಯಗಳಿರುತ್ತವೆ. ಒಂದು, ಅನಾಹುತದ ಭಯ. ಇನ್ನೊಂದು, ಅನಾಹುತವಾದಾಗ ಈ ಕಾಗದ ಕೈಕೊಟ್ಟೀತೆಂಬ ಭಯ. ಬರ, ನುಸಿ, ಕಾಂಡದಲ್ಲಿ ರಸ ಸೋರುವ ರೋಗ, ಕಪ್ಪುತಲೆ ಹುಳು ಎಲ್ಲವನ್ನೂ ಕಂಡ ತೆಂಗಿನ ಸೀಮೆಯವರಿಗೆ ಮೊದಲನೆಯ ಭಯವನ್ನು ಯಾರೂ ಕಲಿಸಬೇಕಾಗಿಲ್ಲ. ಕಂಪನಿಗಳ ಕರಪತ್ರಗಳು ಮಾತ್ರ ಅದನ್ನೇ ಮತ್ತೆ ಮತ್ತೆ ಕಲಿಸುತ್ತವೆ. ಎರಡನೆಯ ಭಯದ ತಂಟೆಗೆ ಹೋಗುವುದಿಲ್ಲ. ಹೆದರಿಸಿದರೆ ಒಂದು ವರ್ಷದ ಕಂತು ಬರುತ್ತದೆ, ಇಲ್ಲವೆನ್ನುವಂತಿಲ್ಲ. ಮರುವರ್ಷ ಏಜೆಂಟರು ಬಂದಾಗ ಮನೆಯವರು ಹಿತ್ತಿಲಿನಿಂದ ತೋಟಕ್ಕೆ ಹೊರಟುಹೋಗಿರುತ್ತಾರೆ.

ನಮ್ಮ ದೇಶದಲ್ಲಿ ಈ ಎರಡನೆಯ ಭಯವನ್ನು ದೊಡ್ಡ ಪ್ರಮಾಣದಲ್ಲಿ ಕಡಿಮೆ ಮಾಡಿದ ಹೆಸರು ಯಾವುದೆಂದು ಹೇಳಬೇಕಾಗಿಲ್ಲ. 1956ರಲ್ಲಿ ಜೀವವಿಮೆಯ ರಾಷ್ಟ್ರೀಕರಣವಾಗಿ, ಆಗ ಇದ್ದ 245ರಷ್ಟು ಕಂಪನಿಗಳು ಮತ್ತು ಭವಿಷ್ಯ ನಿಧಿ ಸಂಘಗಳು ಒಂದಾಗಿ, ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು. ಅದರ ಮುದ್ರೆಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಅದರಲ್ಲಿ ಹೆಣವಿಲ್ಲ, ಅಳುವವರಿಲ್ಲ. ಉರಿಯುತ್ತಿರುವ ಒಂದು ದೀಪ, ಅದು ಗಾಳಿಗೆ ಆರದಂತೆ ಮರೆಮಾಡಿದ ಎರಡು ಕೈಗಳು. ಕೆಳಗೆ ನಿಮ್ಮ ಯೋಗಕ್ಷೇಮ ನನಗಿರಲಿ ಎಂಬರ್ಥದ ಗೀತೆಯ ಮಾತು. ಸಂಜೆ ತುಳಸಿಕಟ್ಟೆಯ ಮುಂದೆ ದೀಪವಿಟ್ಟು ಸೆರಗನ್ನು ಅಡ್ಡ ಹಿಡಿಯುವ ಹೆಂಗಸರಿಗೆ ಇದನ್ನು ಯಾರು ವಿವರಿಸಬೇಕು? ಸಾವಿನ ಮಾತನ್ನು ಆಡದೆಯೇ ಹೇಳಬೇಕಾದದ್ದನ್ನು ಹೇಳಿದ ಚಿತ್ರವದು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯ ಜೀವವಿಮೆಯಾದರೂ "ಎಲ್ಐಸಿ ಮಾಡಿಸಿದ್ದೀಯೇನಪ್ಪ?" ಎಂದೇ ಕೇಳುತ್ತಾರೆ. ಒಂದು ಕಂಪನಿಯ ಹೆಸರು ಪದಾರ್ಥದ ಹೆಸರೇ ಆಗಿಬಿಡುವುದಕ್ಕಿಂತ ದೊಡ್ಡ ಗೆಲುವು ವ್ಯಾಪಾರದಲ್ಲಿ ಮತ್ತೊಂದಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ದೀಪ ನೋಡಿದರೆ ಮನಸ್ಸಿಗೆ ಧೈರ್ಯ ಬರುತ್ತದೆ. ಪಾಲಿಸಿ ಓದಿದರೆ ತಲೆ ನೋಯುತ್ತದೆ. ಇದು ಯಾವುದೋ ಒಂದು ಸಂಸ್ಥೆಯ ದೋಷವೆನ್ನುವಂತಿಲ್ಲ, ವಿಮೆಯ ಕಸುಬಿನದೇ ದೋಷ. ಪಾಲಿಸಿಯ ಭಾಷೆಯನ್ನು ಬರೆಯುವವರು ವಕೀಲರು. ನ್ಯಾಯಾಲಯದಲ್ಲಿ ನಿಲ್ಲಬೇಕಾದ ಕಾಗದ ಅದು. ಮುದ್ರೆ ಜನರಿಗೆ, ಕಾಗದ ಕೋರ್ಟಿಗೆ ಎಂದು ಭಾಗವಾಗಿಬಿಟ್ಟಿದೆ.

ಆ ಕಾಗದಕ್ಕೇ ಕೈಹಾಕಿದ ಒಂದು ಪ್ರಯತ್ನ ನಮ್ಮ ಬೆಂಗಳೂರಿನಲ್ಲಿ ನಡೆದಿದೆ. ಕಾಮೇಶ್ ಗೋಯಲ್ ಅವರು ಸ್ಥಾಪಿಸಿದ ಗೋ ಡಿಜಿಟ್ ಎಂಬ ಸಾಮಾನ್ಯ ವಿಮಾ ಕಂಪನಿ 2017ರಲ್ಲಿ ವ್ಯವಹಾರ ಆರಂಭಿಸಿತು. ವಾಹನ, ಆರೋಗ್ಯ, ಅಂಗಡಿ ಮೊದಲಾದವುಗಳ ವಿಮೆ ಅದರದು. ಹೊಸ ಕಂಪನಿ, ದೀಪದಂತಹ ಹಳೆಯ ಹೆಸರಿಲ್ಲ, ಊರೂರಿಗೆ ಕಚೇರಿಯಿಲ್ಲ. ಅದು ಹಿಡಿದ ದಾರಿ 'ಸರಳ' ಎಂಬ ಒಂದೇ ಮಾತು. ತನ್ನ ಪಾಲಿಸಿಯ ಕಾಗದಗಳು ಹದಿನೈದು ವರ್ಷದ ಹುಡುಗರಿಗೂ ಅರ್ಥವಾಗುವಂತಿರಬೇಕು ಎಂಬುದನ್ನು ಅದು ತನ್ನ ಗುರುತಾಗಿ ಮಾಡಿಕೊಂಡಿತು. ಇದರಲ್ಲಿ ನಮಗೆ ಹಿಡಿಸಿದ್ದು ಜಾಹೀರಾತಿಗಿಂತ ಆ ಅಳತೆಗೋಲು. ಸರಳವಾಗಿದೆ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು; ಹತ್ತನೆಯ ತರಗತಿಯ ಹುಡುಗನ ಕೈಗೆ ಕೊಟ್ಟು ಓದಿಸಿದರೆ ಸುಳ್ಳು ನಿಲ್ಲುವುದಿಲ್ಲ. ಅವನಿಗೆ ತಿಳಿಯದ ಸಾಲು ಸರಳವಲ್ಲ, ಬರೆದವರು ಏನೇ ವಾದಿಸಲಿ.

ಈ ಅಳತೆಗೋಲನ್ನು ನಮ್ಮ ತೆಂಗಿಗೆ ಹಿಡಿದು ನೋಡೋಣ. ತೆಂಗು ಅಭಿವೃದ್ಧಿ ಮಂಡಳಿಯವರು ಭಾರತೀಯ ಕೃಷಿ ವಿಮಾ ಕಂಪನಿಯ ಜೊತೆ ಸೇರಿ 2009-10ರಲ್ಲಿ ತೆಂಗಿನ ಮರಗಳ ವಿಮಾ ಯೋಜನೆ ತಂದರು. ಆಮೇಲೆ ಪರಿಷ್ಕರಿಸಿದ ದರದಂತೆ 16ರಿಂದ 60 ವರ್ಷದ ಮರಕ್ಕೆ ವರ್ಷದ ಕಂತು 14 ರೂಪಾಯಿ, ಮರ ಹೋದರೆ ಪರಿಹಾರ 1,750 ರೂಪಾಯಿ. ಕಂತಿನಲ್ಲಿ ಅರ್ಧ ಮಂಡಳಿಯದು, ಕಾಲು ರಾಜ್ಯ ಸರ್ಕಾರದ್ದು, ಉಳಿದ ಕಾಲು ಬೆಳೆಗಾರನದು. ಅಂದರೆ ಮರಕ್ಕೆ ಮೂರೂವರೆ ರೂಪಾಯಿ. ಅರವತ್ತು ಮರದ ತೋಟದವನ ಕೈಯಿಂದ ಹೋಗುವುದು 210 ರೂಪಾಯಿ. ಇಷ್ಟು ಅಗ್ಗದ ಪದಾರ್ಥವನ್ನು ಮಾರಲು ಅಳುವ ಹೆಂಗಸಿನ ಚಿತ್ರ ಏಕೆ ಬೇಕು ಎಂದು ನೀವು ಕೇಳಬಹುದು. ನಾವೂ ಕೇಳುತ್ತೇವೆ. (ದರಗಳು ಕಾಲಕಾಲಕ್ಕೆ ಬದಲಾಗುತ್ತವೆ, ಕಟ್ಟುವ ಮುಂಚೆ ಆ ವರ್ಷದ ಸುತ್ತೋಲೆ ನೋಡಬೇಕು.)

ಕಷ್ಟವಿರುವುದು ದರದಲ್ಲಿ ಅಲ್ಲ, ಎರಡು ಷರತ್ತುಗಳಲ್ಲಿ. ಮೊದಲನೆಯದು, ಮರ ಸಂಪೂರ್ಣ ಹೋಗಿರಬೇಕು ಎಂಬುದು. ಬಿರುಗಾಳಿಗೆ ಗರಿ ಮುರಿದರೆ, ಬರಕ್ಕೆ ಹರಳು ಉದುರಿ ಫಸಲು ಅರ್ಧವಾದರೆ, ನುಸಿ ಹತ್ತಿ ಕಾಯಿ ಸಣ್ಣದಾದರೆ ಈ ವಿಮೆಯಲ್ಲಿ ಕಾಸು ಬರುವುದಿಲ್ಲ. ಇದು ಮರದ ವಿಮೆ, ಫಸಲಿನ ವಿಮೆಯಲ್ಲ. ಹೀಗೆ ಎರಡು ವಾಕ್ಯದಲ್ಲಿ ಹೇಳಿದರೆ ಮುಗಿಯಿತು. ಆದರೆ ಮಾರುವವರು ಇದನ್ನು ಮೊದಲ ಪುಟದಲ್ಲಿ ಹೇಳಲು ಅಂಜುತ್ತಾರೆ, ಗಿರಾಕಿ ಎದ್ದುಹೋದಾನೆಂದು. ಹೇಳದೆ ಮಾರಿದರೆ ನುಸಿ ಬಂದ ವರ್ಷ ಅದೇ ಗಿರಾಕಿ ಸಂತೆಯಲ್ಲಿ ನಿಂತು "ಆ ಕಂಪನಿ ಮೋಸ" ಎನ್ನುತ್ತಾನೆ. ಅವನ ಮಾತನ್ನು ಅಳಿಸಲು ಹತ್ತು ವರ್ಷದ ಜಾಹೀರಾತು ಸಾಲುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಮೊದಲ ಇಷ್ಟು ನಷ್ಟ ಬೆಳೆಗಾರನದೇ ಎಂಬ ಷರತ್ತು ಬಹುತೇಕ ಎಲ್ಲ ಸಾಮಾನ್ಯ ವಿಮೆಯಲ್ಲೂ ಯಾವುದಾದರೂ ರೂಪದಲ್ಲಿ ಇರುತ್ತದೆ. ವರ್ಷಕ್ಕೆ ಒಂದೆರಡು ಮರ ಹೇಗೂ ಹೋಗುತ್ತವೆ. ಅದಕ್ಕೆಲ್ಲ ಅಧಿಕಾರಿ ಬಂದು ನೋಡಿ ಚೆಕ್ಕು ಬರೆದರೆ ಖರ್ಚೇ ಪರಿಹಾರವನ್ನು ಮೀರುತ್ತದೆ. ಆದ್ದರಿಂದ ಷರತ್ತು ನ್ಯಾಯವಾದದ್ದೇ. ಆದರೆ ಅದಕ್ಕೆ ಎರಡು ಬಗೆಯಿದೆ. ವಿಮೆಯವರು ಒಂದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ, ಇನ್ನೊಂದಕ್ಕೆ ಫ್ರ್ಯಾಂಚೈಸ್ ಎನ್ನುತ್ತಾರೆ. ಎರಡಕ್ಕೂ ಕನ್ನಡದ ಕರಪತ್ರದಲ್ಲಿ 'ಕಡಿತ' ಎಂದು ಬರೆದುಬಿಟ್ಟರೆ ಆಗುವ ಅನರ್ಥವನ್ನು ಲೆಕ್ಕ ಹಾಕಿ ತೋರಿಸುತ್ತೇವೆ. ಲೆಕ್ಕಕ್ಕಾಗಿ ಎರಡು ಮರದ ಮಿತಿ ಎಂದಿಟ್ಟುಕೊಳ್ಳಿ. ಅರವತ್ತು ಮರದ ನಮ್ಮ ಬೆಳೆಗಾರನ ಐದು ಮರ ಸಿಡಿಲಿಗೆ ಹೋದವು. ಡಿಡಕ್ಟಿಬಲ್ ಆದರೆ ಎರಡು ಮರ ಅವನ ಪಾಲಿಗೆ, ಉಳಿದ ಮೂರಕ್ಕೆ 5,250 ರೂಪಾಯಿ ಬರುತ್ತದೆ. ಫ್ರ್ಯಾಂಚೈಸ್ ಆದರೆ ನಷ್ಟ ಎರಡು ಮರ ದಾಟಿದ ಕೂಡಲೆ ಐದಕ್ಕೆ ಐದೂ ಕಂಪನಿಯದು, 8,750 ರೂಪಾಯಿ ಬರುತ್ತದೆ. ಎರಡೇ ಮರ ಹೋದರೆ ಎರಡು ಬಗೆಯಲ್ಲೂ ಏನೂ ಇಲ್ಲ. ಒಂದೇ ತೋಟ, ಒಂದೇ ಸಿಡಿಲು. ಒಂದು ಶಬ್ದದ ದೆಸೆಯಿಂದ 3,500 ರೂಪಾಯಿ ವ್ಯತ್ಯಾಸ.

ಇದನ್ನು ನೇರವಾಗಿ ಹೇಳುವುದು ಹೇಗೆ? ನಾವು ಹೀಗೆ ಬರೆದೆವು: "ಮೊದಲ ಎರಡು ಮರ ನಿಮ್ಮ ಪಾಲು. ಮೂರನೆಯದರಿಂದ ನಮ್ಮ ಪಾಲು." ಇನ್ನೊಂದು ಬಗೆಯದಾದರೆ: "ಎರಡು ಮರದವರೆಗೆ ನಾವು ಕೊಡುವುದಿಲ್ಲ. ಮೂರು ಹೋದರೆ ಮೂರಕ್ಕೂ ಕೊಡುತ್ತೇವೆ." ಪಾಲು ಎಂಬ ಮಾತು ತೋಟ ಮಾಡುವವನಿಗೆ ಹುಟ್ಟಿದಾಗಿನಿಂದ ಗೊತ್ತು. ಕಡಿತ ಎಂದರೆ ತನ್ನದನ್ನು ಯಾರೋ ಕತ್ತರಿಸಿಕೊಂಡರೆನ್ನಿಸುತ್ತದೆ. ಪಾಲು ಎಂದರೆ ಮೊದಲೇ ಆದ ಒಪ್ಪಂದ. ಮಾತನ್ನು ಸಿಹಿ ಮಾಡಿದ್ದಲ್ಲ ಇದು. ಕೊಡುವುದಿಲ್ಲ ಎಂಬುದನ್ನು ಕೊಡುವುದಿಲ್ಲ ಎಂದೇ ಹೇಳಿದೆ.

ಕಾಫಿ ಮತ್ತು ಅಡಿಕೆಯ ನಮ್ಮ ಓದುಗರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅಡಿಕೆ, ಕಾಳುಮೆಣಸಿಗೆ ನಾವು ಕಟ್ಟುವುದು ಹವಾಮಾನ ಆಧಾರಿತ ವಿಮೆ. ಅಲ್ಲಿ ಯಾರೂ ಬಂದು ನಿಮ್ಮ ಮರ ನೋಡುವುದಿಲ್ಲ, ಮಳೆಮಾಪಕ ನೋಡುತ್ತಾರೆ. ಮಾಪಕದಲ್ಲಿ ಮಳೆ ಗೊತ್ತುಪಡಿಸಿದ ಮಿತಿ ದಾಟಿದ್ದರೆ ನಿಮ್ಮ ತೋಟದಲ್ಲಿ ಕೊಳೆರೋಗ ಇಲ್ಲದಿದ್ದರೂ ಹಣ ಬರುತ್ತದೆ. ದಾಟದಿದ್ದರೆ ಕೊನೆಯೆಲ್ಲ ಉದುರಿದ್ದರೂ ಬರುವುದಿಲ್ಲ. ತೆಂಗಿನದರಲ್ಲಿ ಮಳೆ ಎಷ್ಟಾದರೂ ಆಗಲಿ, ಮರ ಸತ್ತಿದೆಯೇ ಎಂಬುದೇ ಪ್ರಶ್ನೆ. ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ನಡುವೆ ಅಡಿಕೆ ಇಟ್ಟವರು ಒಂದೇ ತೋಟಕ್ಕೆ ಎರಡನ್ನೂ ಕಟ್ಟಬಹುದು, ಎರಡಕ್ಕೂ ಊರಿನವರು ಹೇಳುವ ಹೆಸರು 'ಬೆಳೆ ವಿಮೆ' ಒಂದೇ. ಒಂದಕ್ಕೆ 'ಮಳೆ ಲೆಕ್ಕದ ವಿಮೆ', ಇನ್ನೊಂದಕ್ಕೆ 'ಮರ ಲೆಕ್ಕದ ವಿಮೆ' ಎಂದು ಹೆಸರಿಟ್ಟಿದ್ದರೆ ಅರ್ಧ ತಕರಾರು ಹುಟ್ಟುತ್ತಲೇ ಇರಲಿಲ್ಲ. ಹೆಸರಿಡುವುದು ಕೂಡ ಕಂಪನಿಯ ಪ್ರಾಮಾಣಿಕತೆಯ ಭಾಗವೇ.

ಕಾಗದ ಸರಿಯಾದರೆ ಸಾಲದು, ಅದನ್ನು ಹೇಳುವವರು ಯಾರು ಎಂಬುದೂ ಇದೆ. ಇದಕ್ಕೆ ನಮ್ಮ ಸಹಕಾರ ರಂಗದ್ದೇ ಉದಾಹರಣೆಯುಂಟು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಕಂಪನಿಯ ವಿಮೆಯಲ್ಲ, ಟ್ರಸ್ಟಿನ ಮೂಲಕ ನಡೆದದ್ದು. ಆದರೂ ಅದನ್ನು ಜನರ ಬಳಿಗೆ ಒಯ್ದ ರೀತಿಯಿಂದ ಯಾವ ಕಂಪನಿಯಾದರೂ ಕಲಿಯಬಹುದು. ಆರಂಭದಲ್ಲಿ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ ಐದು ರೂಪಾಯಿ ಎಂದು ಯಾರಿಗಾದರೂ ಹೇಳಬಹುದಾದ ಲೆಕ್ಕ. ಶಸ್ತ್ರಚಿಕಿತ್ಸೆಗೆ ಉಂಟು, ಜ್ವರಕ್ಕೆ ಮಾತ್ರೆ ತೆಗೆದುಕೊಂಡರೆ ಇಲ್ಲ. ಮೊದಲೇ ಕಾಯಿಲೆ ಇದ್ದವರಿಗೂ ಅಡ್ಡಿಯಿರಲಿಲ್ಲ, ಆದ್ದರಿಂದ ಮುಚ್ಚಿಟ್ಟಿರಿ ಎಂಬ ಆಪಾದನೆಗೂ ಎಡೆಯಿರಲಿಲ್ಲ. ಸದಸ್ಯರನ್ನು ಸೇರಿಸಿದ್ದು ಕೋಟು ತೊಟ್ಟ ಅಪರಿಚಿತರಲ್ಲ, ಸಹಕಾರ ಸಂಘಗಳು. ಸಂಘದ ಕಾರ್ಯದರ್ಶಿ ನಾಳೆಯೂ ಅದೇ ಊರಿನಲ್ಲಿ ಇರಬೇಕಾದವರು. ಹೇಳಿದ್ದು ಸುಳ್ಳಾದರೆ ಡೇರಿಗೆ ಹಾಲು ಹಾಕಲು ಬಂದವರೆಲ್ಲ ನಿಲ್ಲಿಸಿ ಕೇಳುತ್ತಾರೆ. 2018ರಲ್ಲಿ ಈ ಯೋಜನೆಯನ್ನು ಬೇರೊಂದು ಯೋಜನೆಯಲ್ಲಿ ಸೇರಿಸಿದಾಗ ಸಹಕಾರಿಗಳು ಸುಮ್ಮನಿರಲಿಲ್ಲ. 2022ರಲ್ಲಿ ಅದು ಅದೇ ಹೆಸರಿನಿಂದ ಮತ್ತೆ ಬಂದಿತು. ಹೆಸರನ್ನು ಬದಲಾಯಿಸದೆ ತಂದದ್ದು ಜಾಣತನವೆಂದೇ ನಮ್ಮ ಭಾವನೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸರಳತೆ ಎಂಬುದೇ ಈಚೆಗೆ ಒಂದು ವೇಷವಾಗುತ್ತಿದೆ. ಜಾಹೀರಾತು ಆಡುಮಾತಿನಲ್ಲಿರುತ್ತದೆ, ಚಿತ್ರ ನಗುತ್ತಿರುತ್ತದೆ, ಒಳಗಿನ ಕಾಗದ ಮಾತ್ರ ಹಳೆಯದೇ. ನಿಜವನ್ನು ಗುರುತಿಸುವುದು ಕಷ್ಟವಲ್ಲ. ಕೊಡದಿರುವ ಸಂದರ್ಭಗಳನ್ನು ಎಲ್ಲಿ ಬರೆದಿದ್ದಾರೆ ನೋಡಿ. ಕೊಡುವ ಮೊತ್ತ ಇರುವ ಪುಟದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ ಇದ್ದರೆ ಆ ಕಂಪನಿಗೆ ಹೇಳುವ ಧೈರ್ಯವಿದೆ ಎಂದು ತಿಳಿಯಬಹುದು. ಇನ್ನೊಂದು, ಪರಿಹಾರ ಕೇಳುವ ಅರ್ಜಿಯನ್ನು ಪಾಲಿಸಿ ಕೊಳ್ಳುವ ದಿನವೇ ತೋರಿಸಿ ಎಂದು ಕೇಳಿ. ಕೊಳ್ಳುವ ಅರ್ಜಿ ಒಂದು ಹಾಳೆ, ಕೇಳುವ ಅರ್ಜಿ ಹನ್ನೆರಡು ಹಾಳೆಯಾದರೆ ಸರಳತೆ ಬಾಗಿಲವರೆಗೆ ಮಾತ್ರ. ಆರೋಗ್ಯ ವಿಮೆಯಲ್ಲಿ ಈ ಕೆಲಸವನ್ನು ನಿಯಂತ್ರಣ ಪ್ರಾಧಿಕಾರವೇ ಸ್ವಲ್ಪ ಮಾಡಿಕೊಟ್ಟಿದೆ. 2024ರ ಜನವರಿಯಿಂದ ಪಾಲಿಸಿಯ ಜೊತೆಗೆ ಮುಖ್ಯ ಷರತ್ತುಗಳನ್ನೆಲ್ಲ ಸರಳ ಮಾತಿನಲ್ಲಿ ಬರೆದ ಮಾಹಿತಿ ಪತ್ರ ಕೊಡಬೇಕು, ಗ್ರಾಹಕರು ಬಯಸಿದರೆ ಅವರ ಭಾಷೆಯಲ್ಲೇ ಕೊಡಬೇಕು. ಕನ್ನಡದ್ದೇ ಕೊಡಿ ಎಂದು ಬಾಯಿಬಿಟ್ಟು ಕೇಳುವುದು ನಮ್ಮ ಕೆಲಸ.

ನೇರ ಮಾತಿಗೆ ಕಂಪನಿ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಫಸಲಿಗೆ ಕೊಡುವುದಿಲ್ಲ ಎಂದು ಮೊದಲೇ ಹೇಳಿದರೆ ಹತ್ತು ಜನರಲ್ಲಿ ಕೆಲವರು ಎದ್ದು ಹೋಗುತ್ತಾರೆ. ಆ ವರ್ಷದ ಲೆಕ್ಕ ತೋರಿಸಬೇಕಾದ ಮೇಲಧಿಕಾರಿಗೆ ಅದು ನಷ್ಟವಾಗಿಯೇ ಕಾಣುತ್ತದೆ. ಉಳಿದವರು ತಕರಾರಿಲ್ಲದೆ ಮರುವರ್ಷ ಕಟ್ಟುತ್ತಾರೆಂಬುದು ಮರುವರ್ಷವೇ ಕಾಣಬೇಕಾದದ್ದು. ವಿಮೆಯನ್ನು ಸರಳ ಮಾಡುತ್ತೇವೆಂದು ಹೊರಟವರು ಎಡವುವುದು ಬಹುಮಟ್ಟಿಗೆ ಈ ಒಂದು ವರ್ಷದ ಅಂತರದಲ್ಲಿ.

ನಾವು ತಿಪಟೂರಿನಿಂದ ಹಿಂದಿರುಗುವ ಮುಂಚೆ, ಮೇಲೆ ಹೇಳಿದ ಪಾಲಿನ ಮಾತುಗಳನ್ನು ಸೇರಿಸಿ ಅರ್ಧ ಹಾಳೆಯಲ್ಲಿ ಮರದ ವಿಮೆಯನ್ನು ಬರೆದು, ಮಂಡಿಯ ಲೆಕ್ಕ ಬರೆಯುವವರ ಮಗನ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆವು. ಹತ್ತನೆಯ ತರಗತಿಯ ಹುಡುಗ, ಎಲ್ಲಿಯೂ ತಡವರಿಸಲಿಲ್ಲ. ನಮಗೆ ಸ್ವಲ್ಪ ಹೆಮ್ಮೆಯೂ ಆಯಿತು. ತುರುವೇಕೆರೆಯ ಹಿರಿಯರು ಕೊನೆಯವರೆಗೆ ಕೇಳಿ, "ಚೆನ್ನಾಗಿದೆ. ಆದ್ರೆ ನಮ್ಮ ಮರ ಸಿಡಿಲಿಗೆ ಸಾಯೋದು ಅಪರೂಪ ಕಣ್ರೀ, ಬರಕ್ಕೆ ಸಾಯುತ್ತೆ. ಈ ವರ್ಷ ಗರಿ ಜೋತುಬೀಳುತ್ತೆ, ಮುಂದಿನ ವರ್ಷ ಸುಳಿ ಒಣಗುತ್ತೆ. ಅದು ಯಾವ ವರ್ಷದ ಪಾಲಿಸಿಗೆ ಸತ್ತಿದ್ದು ಅಂತ ಬರೀರಿ" ಎಂದರು.

ಏಜೆಂಟ್ ಹುಡುಗ ಮತ್ತೆ ಪುಸ್ತಕ ತೆಗೆದ. ಈ ಸಲ ನಾವೂ ಅವನ ಪಕ್ಕದಲ್ಲಿ ಕುಳಿತು ಹುಡುಕತೊಡಗಿದೆವು.